ಕುಬಸದ ಒಳಮೈ: ಅಕ್ಕಲಕೋಟೆಯ ಒಂದು ಕತೆಯ ಓದು

ಇನ್ನೂ ಅಚ್ಚಾಗದೆ ಹಸ್ತಪ್ರತಿಯಾಗಿಯೇ ಕೈಯಿಂದ ಕೈಗೆ ದಾಟುತ್ತಿರುವ ಸಣ್ಣಕತೆಯೊಂದನ್ನು ಕುರಿತ ಟಿಪ್ಪಣಿ ಇದು. ಅಕ್ಕಲಕೋಟೆಯ ಪೇಟೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿರುವ ಒಬ್ಬ ವಯಸ್ಕ ಹೊಲಿಗೆಗಾರ ಅದರ ನಾಯಕ. ಗಿರಾಕಿಗಳು ಅವನನ್ನು ‘ಟೇಲರ್ ಮಾಮಾ’ ಎನ್ನುತ್ತಾರೆ. ಕತೆಯಲ್ಲಿ ಅವನಿಗೆ ಬೇರೆ ಹೆಸರಿಲ್ಲ. ಅವನು ಹಸಿರು ಖಣದಲ್ಲಿ ಹೊಸ ನಮೂನೆಯ ಕುಬಸವೊಂದನ್ನು ಹೊಲಿದು, ಮೊಬೈಲಿನಲ್ಲಿ ಅದರ ಫೋಟೊ ತೆಗೆಯುತ್ತಾನೆ. ಫೋಟೊದ ಕೆಳಗೆ ಹಾಕಲು ನಾಲ್ಕು ಮಾತು ಬರೆದುಕೊಡಲೆಂದು ಮೊಮ್ಮಗಳು ಫೋನಿಗೆ ಹಾಕಿಕೊಟ್ಟ ಸಂಭಾಷಣಾ ತಂತ್ರಾಂಶವನ್ನು ತೆರೆದು, ಕೆಲಸ ಹೇಳುವ ಮೊದಲು ಅದಕ್ಕೆ ನಮಸ್ಕಾರ ಹೇಳುತ್ತಾನೆ. ಘಟನೆ ಇಷ್ಟೇ.

ಈ ನಮಸ್ಕಾರವನ್ನು ಇದುವರೆಗೆ ಕೇಳಿಬಂದ ಓದುಗಳು ಎರಡು ರೀತಿಯಲ್ಲಿ ಅರ್ಥೈಸಿವೆ. ಹಳೆಯ ಕಾಲದ ಮನುಷ್ಯನ ಮುಗ್ಧತೆ ಎಂಬುದು ಒಂದು. ಖಂಡೇನವಮಿಯಂದು ಹೊಲಿಗೆಯಂತ್ರಕ್ಕೆ ಕುಂಕುಮ ಹಚ್ಚುವವನು ಫೋನಿಗೂ ಕೈಮುಗಿದ ಎಂಬುದು ಇನ್ನೊಂದು. ಎರಡನೆಯದು ಆಕರ್ಷಕವಾಗಿದೆ, ಆದರೆ ಪಠ್ಯ ಅದನ್ನು ಒಪ್ಪುವುದಿಲ್ಲ. ಅವನು ಒತ್ತುವ ಅಕ್ಷರಗಳು ರೋಮನ್ ಲಿಪಿಯವು: namaskar ri. ಪೂಜೆಗೊಳ್ಳುವ ಯಂತ್ರಕ್ಕೆ ಯಾರೂ ‘ರೀ’ ಎನ್ನುವುದಿಲ್ಲ. ‘ರೀ’ ಎನ್ನುವುದು ಎದುರು ಕುಳಿತ, ಮರುಮಾತಾಡಬಲ್ಲ, ಇನ್ನೂ ಪರಿಚಯವಾಗದ ವ್ಯಕ್ತಿಗೆ. ಅಳತೆಯ ಟೇಪು ಎತ್ತುವ ಮೊದಲು ಗಿರಾಕಿಯನ್ನು ಮಾತಾಡಿಸುವ ಅಂಗಡಿಯ ರೂಢಿ ಅದು. ಭಕ್ತಿಗಿಂತ ವೃತ್ತಿಯ ಶಿಷ್ಟಾಚಾರಕ್ಕೆ ಹತ್ತಿರವಾದದ್ದು.

ಆ ಎರಡು ಪದಗಳಲ್ಲಿ ಕನ್ನಡವಿರುವುದೂ ‘ರೀ’ಯಲ್ಲಿಯೇ. ಶಿಷ್ಟ ಕನ್ನಡದ ‘ನಮಸ್ಕಾರ’ದ ಕೊನೆಯ ಅಕಾರ ಗಡಿಯ ಆಡುಮಾತಿನಲ್ಲಿ ಸವೆದು ‘ನಮಸ್ಕಾರ್ರಿ’ ಆಗುತ್ತದೆ. ರೋಮನ್ ಅಕ್ಷರಗಳಲ್ಲಿ ಅದನ್ನು ಬಿಡಿಸಿ ಬರೆದರೆ ಮೊದಲ ಪದ ಮರಾಠಿಯ ರೂಪದಂತೆಯೇ ಕಾಣುತ್ತದೆ. ತಂತ್ರಾಂಶಕ್ಕೆ ಆ ಹೊತ್ತಿನಲ್ಲಿ ಕಾಗುಣಿತವಲ್ಲದೆ ಬೇರೆ ಆಧಾರವಿಲ್ಲ; ಅದು ಮರಾಠಿಯಲ್ಲಿ ಉತ್ತರಿಸುತ್ತದೆ. ಟೇಲರ್ ಮಾಮಾನಿಗೆ ಇದರಿಂದ ಬೇಸರವಾಗುವುದಿಲ್ಲ ಎಂಬುದನ್ನು ಕತೆಗಾರರು ಗಮನಿಸಿದ್ದಾರೆ. ಅವನ ಅಂಗಡಿಯಲ್ಲಿ ದಿನವೂ ಆಗುವುದು ಇದೇ: ಒಂದು ಭಾಷೆಯಲ್ಲಿ ಕೇಳಿ, ಇನ್ನೊಂದರಲ್ಲಿ ಉತ್ತರ ಪಡೆಯುವುದು. ಭಾಷಾಭಿಮಾನದ ಕತೆಗಳಲ್ಲಿ ಈ ಕ್ಷಣ ಗಾಯವಾಗಿಬಿಡುತ್ತಿತ್ತು. ಇಲ್ಲಿ ಅದು ಗಾಯವಾಗದಿರುವುದು ನನಗೆ ಕತೆಯ ಪ್ರಬುದ್ಧತೆಯಾಗಿ ಕಂಡಿತು.

ತೊಡಕು ಶುರುವಾಗುವುದು ಅವನು ಕನ್ನಡ ಲಿಪಿಗೆ ಬಂದು, ಫೋಟೊ ಕಳಿಸಿದ ಮೇಲೆ. ಹಸಿರು ಬಟ್ಟೆ, ಅಂಚು, ಬೆನ್ನಿನಲ್ಲಿ ತ್ರಿಕೋನದ ಕೊರಳು ಇಷ್ಟನ್ನು ಕಂಡ ತಂತ್ರಾಂಶ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ, ಮದುವೆಗೆ ಒಪ್ಪುವ ರವಿಕೆಯೆಂದು ಅದನ್ನು ಬಣ್ಣಿಸುತ್ತದೆ. ಆದರೆ ಆ ಬಟ್ಟೆ ಹೊಲಿದದ್ದು ಮದುವೆಗಲ್ಲ, ‘ಕುಬಸ’ಕ್ಕೆ. ಉತ್ತರ ಕರ್ನಾಟಕದಲ್ಲೂ ಅದಕ್ಕೆ ಹೊಂದಿದ ಗಡಿಸೀಮೆಯಲ್ಲೂ ಕುಬಸವೆಂದರೆ ಉಡುಪೂ ಹೌದು, ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಶಾಸ್ತ್ರವೂ ಹೌದು. ಉಡಿ ತುಂಬುವ ಖಣವನ್ನು ತ್ರಿಕೋನವಾಗಿ ಮಡಚುವ ಪದ್ಧತಿಯನ್ನೇ ಟೇಲರ್ ಮಾಮಾ ಬೆನ್ನಿನ ಕೊರಳಿಗೆ ತಂದಿದ್ದಾನೆ. ಅವನ ‘ಹೊಸ ನಮೂನೆ’ ಅದು.

ಇಲ್ಲಿ ತೌಲನಿಕ ಓದಿಗೆ ಒಂದು ಕುತೂಹಲದ ಸಂಗತಿ ಸಿಗುತ್ತದೆ. ಈ ಫೋಟೊವನ್ನು ಸೊಲ್ಲಾಪುರದ ಮರಾಠಿ ಮನೆಯೊಂದರಲ್ಲಿ ತೋರಿಸಿ, ಏಳನೆಯ ತಿಂಗಳ ಹುಡುಗಿಗೆ ಎಂದರೆ ಸಾಕು, ಅವರು ‘ಡೋಹಾಳೇ ಜೇವಣ’ ಎಂದುಕೊಳ್ಳುತ್ತಾರೆ. ಹಸಿರೂ ಖಣವೂ ಓಟಿಯೂ ಅವರಲ್ಲಿವೆ. ಅದೇ ಫೋಟೊವನ್ನು ‘ಕುಬಸ’ ಎಂಬ ಪದದ ಸಮೇತ ಮೈಸೂರು ಕಡೆಯ ಕನ್ನಡ ಓದುಗರಿಗೆ ಕೊಟ್ಟರೆ ‘ಸೀಮಂತ’ವೆಂದು ಅನುವಾದಿಸಿ ಹೇಳಬೇಕಾಗುತ್ತದೆ. ಪದ ಹಂಚಿಕೊಂಡವರು ಒಂದು ಕಡೆ, ಪದದ ಬದುಕು ಹಂಚಿಕೊಂಡವರು ಇನ್ನೊಂದು ಕಡೆ. ಕತೆ ಇದನ್ನು ಎಲ್ಲೂ ಹೇಳುವುದಿಲ್ಲ. ಹೇಳದೆ ಬಿಟ್ಟದ್ದು ಒಳ್ಳೆಯದೇ.

ಕತೆಯ ಅತ್ಯುತ್ತಮ ಭಾಗ ಇದರ ನಂತರದ್ದು. ಟೇಲರ್ ಮಾಮಾ ತಂತ್ರಾಂಶವನ್ನು ತಿದ್ದಲು ಹೋಗುವುದಿಲ್ಲ. ಬಟ್ಟೆಯನ್ನು ತಿರುವಿ ಒಳಮೈಯ ಫೋಟೊ ತೆಗೆಯುತ್ತಾನೆ. ಬಗಲಿನ ಎರಡೂ ಹೊಲಿಗೆಗಳ ಒಳಗೆ ಒಂದೂವರೆ ಇಂಚಿನಷ್ಟು ಬಟ್ಟೆಯನ್ನು ಕತ್ತರಿಸದೆ ಮಡಚಿಟ್ಟಿದ್ದಾನೆ. ಹುಕ್ಕುಗಳು ಬೆನ್ನಿಗಿಲ್ಲ, ಮುಂದಿವೆ. ಹೊಲಿಗೆ ಬಲ್ಲವರಿಗೆ ಇದರ ಲೆಕ್ಕ ಗೊತ್ತು. ಹೊಲಿಗೆಯನ್ನು ಅರ್ಧ ಇಂಚು ಹೊರಗೆ ಸರಿಸಿದರೆ ಮುಂಭಾಗ, ಹಿಂಭಾಗ ಎರಡೂ ಸೇರಿ ಒಂದು ಬಗಲಿಗೆ 1 ಇಂಚು, ಎರಡು ಬಗಲಿಗೆ 2 ಇಂಚು ಸುತ್ತಳತೆ ಹಿಗ್ಗುತ್ತದೆ. ತಿಂಗಳು ತುಂಬುವಾಗ ಒಮ್ಮೆ, ಬಾಣಂತನದಲ್ಲಿ ಇನ್ನೊಮ್ಮೆ ಬಿಚ್ಚಿ ಹೊಲಿಯಲು ಅಲ್ಲಿ ಜಾಗವಿದೆ. ಮುಂದಿನ ಹುಕ್ಕುಗಳು ಕೂಸಿಗೆ ಹಾಲೂಡಿಸಲು. ಬಟ್ಟೆಯ ಹೊರಮೈ ಶಾಸ್ತ್ರದ ಒಂದು ದಿನದ್ದಾದರೆ, ಒಳಮೈ ಮುಂದಿನ ಒಂದು ವರ್ಷದ್ದು. ಈ ಎರಡನೆಯ ಫೋಟೊ ಕಂಡ ತಂತ್ರಾಂಶ, ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿದರೆ ಹೊಲಿಗೆ ಅಂದವಾದೀತು ಎಂದು ಸೂಚಿಸುತ್ತದೆ. ಅವನು ಫೋನನ್ನು ಯಂತ್ರದ ಹಲಗೆಯ ಮೇಲೆ ಬೋರಲು ಇಡುತ್ತಾನೆ. ಆಗ ಬಸುರಿಯ ತಾಯಿ ಬಂದು, ಬಟ್ಟೆ ಕೈಗೆ ತೆಗೆದುಕೊಂಡು, ಕೊರಳಿನ ನಮೂನೆಯನ್ನು ನೋಡುವುದಕ್ಕೂ ಮೊದಲು ಅದನ್ನು ತಿರುವಿ ಬಗಲಿನ ಮಡಿಕೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಾಳೆ.

ಇಷ್ಟು ಸಾಧಿಸಿದ ಕತೆ ಒಂದು ಕಡೆ ತಾನೇ ತೋಡಿದ ಹಳ್ಳಕ್ಕೆ ಬೀಳುತ್ತದೆ, ಮತ್ತು ಅದು ಗಡಿನಾಡ ಕಥನದ ಬಹುಪಾಲು ಬರಹಗಳ ತೊಡಕೂ ಆಗಿರುವುದರಿಂದ ಸ್ವಲ್ಪ ನಿಂತು ನೋಡಬೇಕು. ಮಾಮಾ ಆ ಉಡುಪನ್ನು ‘ಕುಬಸ’ ಎನ್ನುತ್ತಾನೆ. ಗಿರಾಕಿ ಹೆಂಗಸರು ‘ಜಂಪರ್’ ಎನ್ನುತ್ತಾರೆ, ಆ ಸೀಮೆಯಲ್ಲಿ ಹಾಗೆ ಎನ್ನುವುದೇ ರೂಢಿ. ‘ರವಿಕೆ’ ಎನ್ನುವವರು ಇಬ್ಬರೇ: ತಂತ್ರಾಂಶ ಮತ್ತು ಕತೆಯ ನಿರೂಪಕ. ಮೊದಲ ಪುಟದಿಂದಲೂ ನಿರೂಪಕ ‘ರವಿಕೆಯ ಕೊರಳು’, ‘ರವಿಕೆಯ ಬೆನ್ನು’ ಎಂದೇ ಬರೆಯುತ್ತಾನೆ. ತಂತ್ರಾಂಶದ ಕನ್ನಡ ಪರಕೀಯವೆಂದು ನಾವು ನಗುವಾಗ, ನಮ್ಮನ್ನು ನಗಿಸುತ್ತಿರುವವನ ಕನ್ನಡವೂ ಅದೇ. ಸಂಭಾಷಣೆಗೆ ಮಾತ್ರ ಊರ ಮಾತು, ನಿರೂಪಣೆಗೆ ಪಠ್ಯಪುಸ್ತಕದ ಮಾತು ಎಂಬ ಹಂಚಿಕೆ ಎಷ್ಟು ಸಹಜವಾಗಿಹೋಗಿದೆಯೆಂದರೆ, ಅದರಲ್ಲಿ ಒಂದು ಪಕ್ಷಪಾತವಿದೆಯೆಂದು ನೆನಪಾಗಲು ಯಂತ್ರವೊಂದು ಅದೇ ಪದವನ್ನು ಬಳಸಬೇಕಾಯಿತು. ಇದು ಕತೆಗಾರರ ಉದ್ದೇಶಪೂರ್ವಕ ವ್ಯಂಗ್ಯವಾಗಿದ್ದರೆ ಅಸಾಧಾರಣವೇ ಸರಿ. ಹಾಗಲ್ಲವೆಂದು ಅನುಮಾನಿಸಲು ಕೊನೆಯ ಪರಿಚ್ಛೇದ ಕಾರಣ: ಅಲ್ಲಿ ನಿರೂಪಕ ಪದಗಳು ಕಳೆದುಹೋಗುತ್ತಿರುವ ಬಗ್ಗೆ ತಾನೇ ಮರುಗುತ್ತಾನೆ, ಅದೂ ‘ರವಿಕೆ’ ಎಂಬ ಪದವನ್ನು ಇನ್ನೊಮ್ಮೆ ಬಳಸಿ.

ಗೊಗೋಲನ 1842ರ ‘ಓವರ್‌ಕೋಟ್’ ಕತೆಯಲ್ಲಿ ಪೆಟ್ರೊವಿಚ್ ಎಂಬ ದರ್ಜಿಯಿದ್ದಾನೆ; ಕೋಟು ತೊಡುವವನ ಕತೆಯಲ್ಲಿ ಅವನು ಪಕ್ಕದ ಪಾತ್ರ. ಹೊಲಿದವನ ಕಣ್ಣಿನಿಂದಲೇ ಬಟ್ಟೆಯನ್ನು ನೋಡುವ ಕತೆ ಅಪರೂಪ. ಹಾಗಾಗಿಯೇ ಈ ಹಸ್ತಪ್ರತಿ ಅಚ್ಚಿಗೆ ಹೋಗುವ ಮುನ್ನ ಕೊನೆಯ ಪರಿಚ್ಛೇದವನ್ನು ಕೈಬಿಡಬೇಕೆಂದು ನನ್ನ ಬಲವಾದ ಸಲಹೆ. ತಾಯಿಯ ಎರಡು ಬೆರಳು ಬಗಲಿನ ಮಡಿಕೆಯ ಮೇಲಿರುವಾಗ ಕತೆ ನಿಲ್ಲಬಹುದು. ನಿರೂಪಕನ ಬಾಯಲ್ಲಿ ‘ರವಿಕೆ’ ಎಷ್ಟು ಕಡೆ ಬರುತ್ತದೆಂದು ಕತೆಗಾರರು ಒಮ್ಮೆ ಎಣಿಸಿ, ಪ್ರತಿಯೊಂದು ಕಡೆಯೂ ಅದನ್ನು ಉಳಿಸಬೇಕೋ ಬದಲಿಸಬೇಕೋ ಎಂದು ನಿರ್ಧರಿಸಲಿ.