ಮೊಲದ ಕಥೆಯನ್ನು ಹೇಳಿದ್ದು ಯಾರು?

ಕಾಡಿನ ಮೃಗಗಳನ್ನೆಲ್ಲ ತಿಂದು ಮುಗಿಸುತ್ತಿದ್ದ ಸಿಂಹವನ್ನು ಪುಟ್ಟ ಮೊಲವೊಂದು ಬಾವಿಯ ಬಳಿಗೆ ಕರೆದೊಯ್ದು, ನೀರಿನಲ್ಲಿ ಕಂಡ ತನ್ನದೇ ಬಿಂಬದ ಮೇಲೆ ಅದು ಹಾರುವಂತೆ ಮಾಡಿ ಕೊಂದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಮಕ್ಕಳ ಪುಸ್ತಕಗಳಲ್ಲಿ ಕಥೆ ಮುಗಿದ ಮೇಲೆ ಒಂದು ಗೆರೆ ಎಳೆದು, ದಪ್ಪ ಅಕ್ಷರದಲ್ಲಿ ‘ನೀತಿ’ ಎಂದು ಬರೆದು, ಶಕ್ತಿಗಿಂತ ಯುಕ್ತಿ ದೊಡ್ಡದು ಎಂಬರ್ಥದ ಮಾತೊಂದನ್ನು ಸೇರಿಸುತ್ತಾರೆ. ಮಗು ಅದನ್ನು ಓದಿ ಒಪ್ಪುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ. ಆದರೆ ಪಂಚತಂತ್ರದಲ್ಲಿ ಈ ಕಥೆಯನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂದು ನಾವು ಕೇಳುವುದೇ ಇಲ್ಲ. ಹೇಳುವವನು ದಮನಕ ಎಂಬ ನರಿ, ಕೇಳುವವನು ಅವನ ಜೊತೆಗಾರ ಕರಟಕ. ಅದನ್ನು ಹೇಳುವ ಹೊತ್ತಿಗೆ ದಮನಕ ಒಂದು ನಿರಪರಾಧಿ ಎತ್ತನ್ನು ಕೊಲ್ಲಿಸುವ ಸಂಚು ಹೂಡಿದ್ದಾನೆ. ತಮ್ಮ ಒಡೆಯನಾದ ಸಿಂಹಕ್ಕೂ ಆ ಎತ್ತಿಗೂ ಅಷ್ಟು ಗಾಢವಾದ ಗೆಳೆತನವಿರುವಾಗ ಅದನ್ನು ಒಡೆಯಲು ನಿನ್ನಿಂದಾಗುತ್ತದೆಯೇ ಎಂದು ಕರಟಕ ಅನುಮಾನಿಸುತ್ತಾನೆ. ಆಗುತ್ತದೆ ಎಂಬುದಕ್ಕೆ ದಮನಕ ಕೊಡುವ ಸಾಕ್ಷ್ಯವೇ ಮೊಲದ ಕಥೆ. ಕಾಗೆ ಮತ್ತು ಸರ್ಪದ ಕಥೆ, ಅದರ ಹೊಟ್ಟೆಯಲ್ಲಿರುವ ಕೊಕ್ಕರೆ ಮತ್ತು ಏಡಿಯ ಕಥೆ ಇವೂ ಅದೇ ವಾದದ ತುಣುಕುಗಳು.

ಪ್ರಾಣಿಕಥೆಗಳ ಬಗ್ಗೆ ಯೋಚಿಸುವವರು ಇಲ್ಲಿಂದಲೇ ಹೊರಡಬೇಕು ಎಂದು ನನಗನ್ನಿಸುತ್ತದೆ. ನಮಗೆ ನೀತಿಯೆಂದು ಕೊಟ್ಟದ್ದು ಮೂಲದಲ್ಲಿ ಒಬ್ಬ ಪಾತ್ರದ ಸಮರ್ಥನೆ. ಆ ಮಾತು ಸುಳ್ಳಲ್ಲ, ಯುಕ್ತಿ ನಿಜವಾಗಿಯೂ ಬಲವನ್ನು ಗೆಲ್ಲುತ್ತದೆ. ಬಾವಿಯ ದಂಡೆಯಲ್ಲಿ ಅದು ದುರ್ಬಲರನ್ನು ಉಳಿಸಿತು. ಅದೇ ಮಾತು ದಮನಕನ ಕೈಗೆ ಬಂದಾಗ ಕೊಲೆಯ ಉಪಕರಣವಾಗುತ್ತದೆ. ಪಂಚತಂತ್ರ ಈ ಎರಡನ್ನೂ ಒಟ್ಟಿಗೆ ಕಾಣಿಸಿ ಸುಮ್ಮನಾಗುತ್ತದೆ. ನಮ್ಮ ಶಾಲಾ ಆವೃತ್ತಿಗಳು ಕಥೆಯನ್ನು ಕಿತ್ತು ತಂದು ಹೇಳಿದವನನ್ನು ಅಲ್ಲಿಯೇ ಬಿಟ್ಟುಬಂದಿವೆ.

ಹೊರಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ವರ್ಧಮಾನಕನೆಂಬ ವರ್ತಕನ ಗಾಡಿಯ ಎತ್ತು ಸಂಜೀವಕ ದಾರಿಯಲ್ಲಿ ಕಾಲು ಮುರಿದುಕೊಳ್ಳುತ್ತದೆ. ವರ್ತಕ ಅದನ್ನು ಕಾಡಿನಲ್ಲೇ ಬಿಟ್ಟು ಹೋಗುತ್ತಾನೆ. ಯಮುನೆಯ ದಡದ ಎಳೆ ಹುಲ್ಲು ಮೇಯುತ್ತಾ ಎತ್ತು ಚೇತರಿಸಿಕೊಂಡು ಗುಟುರು ಹಾಕುತ್ತದೆ. ನೀರು ಕುಡಿಯಲು ಬಂದ ಸಿಂಹ ಪಿಂಗಳಕ ಆ ಸದ್ದಿಗೆ ಹೆದರಿ, ಹೆದರಿದ್ದನ್ನು ಮುಚ್ಚಿಡುತ್ತಾ ಆಲದ ಮರದಡಿ ಕೂರುತ್ತದೆ. ಮಂತ್ರಿಯ ಮನೆತನದಲ್ಲಿ ಹುಟ್ಟಿ ಈಗ ಅಧಿಕಾರವಿಲ್ಲದೆ ಅಲೆಯುತ್ತಿರುವ ದಮನಕ ಈ ಭಯವನ್ನು ಗುರುತಿಸುತ್ತಾನೆ. ತಾನೇ ಮುಂದಾಗಿ ಎತ್ತನ್ನು ಕರೆತಂದು ಸಿಂಹಕ್ಕೆ ಗೆಳೆಯನನ್ನಾಗಿ ಮಾಡುತ್ತಾನೆ. ಗೆಳೆತನ ಎಷ್ಟು ಬೆಳೆಯುತ್ತದೆಂದರೆ ಸಿಂಹ ಬೇಟೆಯನ್ನೇ ಮರೆಯುತ್ತದೆ, ಅದರ ಎಂಜಲನ್ನು ನಂಬಿ ಬದುಕುತ್ತಿದ್ದ ಪರಿವಾರ ಹಸಿವಿನಿಂದ ಒಣಗುತ್ತದೆ. ಸಂಚು ಹುಟ್ಟುವುದು ಈ ಹಸಿವಿನಲ್ಲಿ.

ಅನ್ಯೋಕ್ತಿಯ ಬಲ ಇರುವುದು ಈ ಹಸಿವಿನಲ್ಲೇ. ಸಿಂಹವೆಂದರೆ ರಾಜ, ನರಿಯೆಂದರೆ ಆಸ್ಥಾನಿಕ ಎಂದು ಪಟ್ಟಿ ಮಾಡಿದರೆ ಒಗಟು ಬಿಡಿಸಿದಂತಾಗುತ್ತದೆಯೇ ಹೊರತು ಕಥೆ ಕೈಗೆ ಬರುವುದಿಲ್ಲ. ಮಾಂಸ ತಿನ್ನುವ ಒಡೆಯ ಹುಲ್ಲು ತಿನ್ನುವವನ ಸ್ನೇಹ ಮಾಡಿದರೆ ಉಳಿದ ಮಾಂಸಾಹಾರಿಗಳ ಗತಿಯೇನು? ಈ ಪ್ರಶ್ನೆ ಪ್ರಾಣಿಗಳ ದೇಹದಿಂದಲೇ ಎದ್ದು ಬರುತ್ತದೆ; ನಾವು ಹೊರಗಿನಿಂದ ಅರ್ಥ ತುಂಬಬೇಕಿಲ್ಲ. ಮನುಷ್ಯಪಾತ್ರಗಳಿಟ್ಟು ಇದೇ ಕಥೆ ಹೇಳಿದ್ದರೆ ದಮನಕನ ಮಾತ್ಸರ್ಯವನ್ನು ಬಿಡಿಸಿ ಹೇಳಲು ಪುಟಗಟ್ಟಲೆ ಬೇಕಾಗುತ್ತಿತ್ತು, ಓದುಗ ಬೇಗನೆ ಅವನನ್ನು ದುಷ್ಟನೆಂದು ಪಕ್ಕಕ್ಕಿಡುತ್ತಿದ್ದ. ಹಸಿದ ನರಿಯನ್ನು ಹಾಗೆ ಪಕ್ಕಕ್ಕಿಡಲಾಗುವುದಿಲ್ಲ. ಒಳಾರ್ಥ ಪ್ರಾಣಿಯ ಸ್ವಭಾವಕ್ಕೆ ಅಂಟಿಕೊಂಡಿರುವಷ್ಟು ಕಾಲ ಕಥೆಗಾರ ಉಪದೇಶ ಮಾಡಬೇಕಾಗುವುದಿಲ್ಲ. ಸ್ವಭಾವವನ್ನು ಬಿಟ್ಟು ಮೃಗಗಳು ಬರೀ ಮುಖವಾಡಗಳಾದ ಗಳಿಗೆಯಲ್ಲಿ ಲೇಖಕನ ದನಿ ಕೇಳಿಸತೊಡಗುತ್ತದೆ. ಅನ್ಯೋಕ್ತಿ ಎಲ್ಲಿ ಕೆಟ್ಟಿತು ಎಂದು ತಿಳಿಯಲು ಇದೊಂದು ಗುರುತು ಸಾಕು.

ಇನ್ನು ನೀತಿಯ ಮಾತನ್ನು ಎಲ್ಲಿಡಬೇಕು ಎಂಬ ಪ್ರಶ್ನೆ. ಈಸೋಪನ ಹೆಸರಿನಲ್ಲಿ ಬಂದ ಕಥೆಗಳಲ್ಲಿ ಅದು ಸಾಮಾನ್ಯವಾಗಿ ಕೊನೆಗೆ, ಕಥೆಯ ಹೊರಗೆ, ಸಂಗ್ರಹಕಾರನ ಬಾಯಲ್ಲಿ ಬರುತ್ತದೆ. ಪಂಚತಂತ್ರದ ಕ್ರಮ ತಲೆಕೆಳಗು. ಅಲ್ಲಿ ಒಂದು ಪಾತ್ರ ಮೊದಲು ಶ್ಲೋಕ ಹೇಳುತ್ತದೆ: ಹೀಗೆ ಮಾಡಿದವನು ಗೂಟ ಕಿತ್ತ ಕೋತಿಯ ಹಾಗೆ ಸಾಯುತ್ತಾನೆ ಎಂಬಂತೆ. ಕೇಳುಗನಿಗೆ ಕೋತಿಯೂ ಗೊತ್ತಿಲ್ಲ, ಗೂಟವೂ ಗೊತ್ತಿಲ್ಲ. ಅವನು ‘ಅದು ಹೇಗೆ?’ ಎಂದು ಕೇಳಲೇಬೇಕು, ಆಮೇಲೆ ಕಥೆ. ಹೀಗೆ ನೀತಿ ಮುಂದೆ ಬಂದು ಕುತೂಹಲವಾಗುತ್ತದೆ, ಕೇಳಿದವನಿಗೆ ಮಾತ್ರ ಉತ್ತರ ಸಿಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಆಮೇಲಿನದು. ಕಥೆ ಮುಗಿದ ಮೇಲೆ ಎದುರಿನವನು ಅದನ್ನು ಒಪ್ಪಬೇಕೆಂಬ ನಿಯಮವಿಲ್ಲ. ಗೂಟ ಕಿತ್ತ ಕೋತಿಯದು ಮೊದಲ ತಂತ್ರದ ಮೊದಲ ಉಪಕಥೆ. ನಮಗೆ ಸಂಬಂಧಿಸದ ಕೆಲಸಕ್ಕೆ ಕೈಹಾಕಬಾರದೆಂದು ಕರಟಕ ಅದನ್ನು ಹೇಳುತ್ತಾನೆ. ದಮನಕ ಕೇಳಿಸಿಕೊಂಡು, ನಿನಗೆ ಹೊಟ್ಟೆಪಾಡಷ್ಟೇ ಮುಖ್ಯವೇ ಎಂದು ಮರುಪ್ರಶ್ನೆ ಹಾಕಿ ಹೊರಟುಹೋಗುತ್ತಾನೆ. ನೀತಿ ಕಲಿಸಲು ಬರೆದ ಗ್ರಂಥದ ಮೊದಲ ನೀತಿಕಥೆಯೇ ಕೇಳುಗನ ಮೇಲೆ ಏನೂ ಪರಿಣಾಮ ಮಾಡದೆ ಬೀಳುತ್ತದೆ. ಈ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಅದು ಆಕಸ್ಮಿಕವೂ ಅಲ್ಲ. ಸಂಚು ಫಲಿಸುವಾಗ ದಮನಕ ಸಿಂಹಕ್ಕೆ, ಎತ್ತು ಕೊಂಬು ಬಾಗಿಸಿ ಅಳುಕುತ್ತಾ ಬಂದರೆ ಅದರ ಮನಸ್ಸಿನಲ್ಲಿ ದ್ರೋಹವಿದೆ ಎಂದು ತಿಳಿ ಅನ್ನುತ್ತಾನೆ. ಎತ್ತಿಗೆ, ಸಿಂಹ ಕಿವಿ ನಿಮಿರಿಸಿ ದಿಟ್ಟಿಸಿದರೆ ಕೊಲ್ಲಲು ಕೂತಿದೆ ಎಂದು ತಿಳಿ ಅನ್ನುತ್ತಾನೆ. ಇಬ್ಬರೂ ಹೆದರಿರುವುದರಿಂದ ಇಬ್ಬರೂ ಹಾಗೆಯೇ ಕಾಣುತ್ತಾರೆ. ಎತ್ತು ಸಾಯುವ ಸ್ಥಿತಿಗೆ ಬಂದಾಗ ಕರಟಕ ಗೆಳೆಯನನ್ನು ಹಳಿಯಲು ಕೂರುತ್ತಾನೆ, ಹಳಿಯುತ್ತಾ ಸೂಚೀಮುಖವೆಂಬ ಹಕ್ಕಿಯ ಕಥೆ ಹೇಳುತ್ತಾನೆ. ಚಳಿಯಲ್ಲಿ ನಡುಗುವ ಕೋತಿಗಳು ಮಿಂಚುಹುಳವನ್ನು ಬೆಂಕಿಯೆಂದು ತಿಳಿದು ಊದುತ್ತಿರುತ್ತವೆ. (ಕೆಲವು ಪಾಠಗಳಲ್ಲಿ ಮಿಂಚುಹುಳದ ಜಾಗದಲ್ಲಿ ಗುಲಗಂಜಿ.) ಅದು ಬೆಂಕಿಯಲ್ಲ ಎಂದು ಹಕ್ಕಿ ಹೇಳುತ್ತದೆ. ಮತ್ತೆ ಮತ್ತೆ, ಹತ್ತಿರ ಹತ್ತಿರ ಹೋಗಿ ಹೇಳುತ್ತದೆ. ಕೊನೆಗೆ ಒಂದು ಕೋತಿ ಅದನ್ನು ಹಿಡಿದು ಬಂಡೆಗೆ ಅಪ್ಪಳಿಸಿ ಸಾಯಿಸುತ್ತದೆ. ಹಕ್ಕಿ ಹೇಳಿದ್ದು ಅಕ್ಷರಶಃ ಸತ್ಯ. ಚಳಿಯಲ್ಲಿದ್ದವರಿಗೆ ಆ ಸತ್ಯದಿಂದ ಬಿಸಿ ಹುಟ್ಟಲಿಲ್ಲ, ಅಷ್ಟೇ. ಉಪದೇಶದ ಬಗ್ಗೆ ಇಷ್ಟು ನಿಷ್ಠುರವಾಗಿ ಯೋಚಿಸಿದ ಕಥೆಯನ್ನು ಉಪದೇಶ ಮಾಡುತ್ತಿರುವವನ ಬಾಯಲ್ಲೇ ಇಟ್ಟಿದ್ದಾರೆ. ಕರಟಕನ ನೀತಿಯೆಲ್ಲ ಸರಿಯಾದದ್ದೇ. ಆದರೆ ಸಂಚಿನ ಮಾತು ಮೊದಲು ಬಂದಾಗ ಅವನು ತಡೆಯಲಿಲ್ಲ, ನಿನಗೆ ಶುಭವಾಗಲಿ ಎಂದು ಕಳಿಸಿಕೊಟ್ಟ. ಅವನ ಮಾತುಗಳ ಹಿಂದಿನ ಈ ಹೇಡಿತನವನ್ನು ಗ್ರಂಥ ಬಾಯಿಬಿಟ್ಟು ಹೇಳುವುದಿಲ್ಲ, ಘಟನೆಗಳ ಅನುಕ್ರಮದಲ್ಲಿ ಇಟ್ಟಿದೆ.

ಕೊನೆಗೆ ಸಿಂಹ ಗೆಳೆಯನ ಹೆಣದ ಮುಂದೆ ಅಳುತ್ತದೆ. ರಾಜನಾದವನು ಶೋಕಿಸಬಾರದೆಂದು ದಮನಕ ನೀತಿವಾಕ್ಯಗಳಿಂದಲೇ ಸಮಾಧಾನ ಮಾಡಿ ಮಂತ್ರಿಯಾಗಿ ಉಳಿಯುತ್ತಾನೆ. ಶಿಕ್ಷೆ ಇಲ್ಲ.

ಇದನ್ನು ಎಲ್ಲರಿಗೂ ತಾಳಿಕೊಳ್ಳಲಾಗಲಿಲ್ಲ. 6ನೆಯ ಶತಮಾನದಲ್ಲಿ ಬುರ್ಜೋಯ್ ಈ ಕಥೆಗಳನ್ನು ಪಹ್ಲವಿಗೆ ತಂದ. ಅದರಿಂದ 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅರಬ್ಬಿಯಲ್ಲಿ ‘ಕಲೀಲಾ ವ ದಿಮ್ನಾ’ ಬರೆದ. ಕರಟಕ, ದಮನಕರೇ ಅಲ್ಲಿ ಕಲೀಲಾ ಮತ್ತು ದಿಮ್ನಾ. ಅರಬ್ಬಿಯಲ್ಲಿ ಮೂಲದಲ್ಲಿಲ್ಲದ ಒಂದು ಅಧ್ಯಾಯವಿದೆ. ಸಿಂಹದ ತಾಯಿಗೆ ನಿಜ ತಿಳಿಯುತ್ತದೆ, ದಿಮ್ನಾನ ವಿಚಾರಣೆ ನಡೆಯುತ್ತದೆ, ಸಾಕ್ಷಿಗಳು ಸಿಗುತ್ತವೆ, ಅವನು ಸಾಯುತ್ತಾನೆ. ನೀತಿಯ ಲೆಕ್ಕ ಚುಕ್ತಾ ಆಗುತ್ತದೆ. ಆ ಲೇಖಕನನ್ನು ಇದಕ್ಕಾಗಿ ಸುಲಭವಾಗಿ ಬೈಯಲು ನನಗೆ ಮನಸ್ಸಿಲ್ಲ. ಅಬ್ಬಾಸಿದ್ ಆಡಳಿತದಲ್ಲಿ ಲಿಪಿಕಾರನಾಗಿದ್ದು, ಕೊನೆಗೆ ಅಧಿಕಾರದ ಕೈಯಲ್ಲೇ ಬಸ್ರಾದಲ್ಲಿ ಕೊಲೆಯಾದವನು ಅವನು. ಚಾಡಿಕೋರನೊಬ್ಬನಾದರೂ ನ್ಯಾಯಾಲಯದ ಮುಂದೆ ನಿಲ್ಲಲಿ ಎಂದು ಬಯಸಿದ್ದರೆ ಅದು ಅರ್ಥವಾಗುವ ಬಯಕೆ. ಆ ಅಧ್ಯಾಯದ ಉತ್ತಮ ಭಾಗವೂ ದಿಮ್ನಾ ತನ್ನನ್ನು ಸಮರ್ಥಿಸಿಕೊಳ್ಳುವ ಭಾಗವೇ: ಮುಖಲಕ್ಷಣ ನೋಡಿ ಅವನನ್ನು ಅಪರಾಧಿ ಎಂದವನಿಗೆ ಅವನು ಕೊಡುವ ಉತ್ತರ ತಬ್ಬಿಬ್ಬುಗೊಳಿಸುವಂಥದ್ದು. ಆದರೂ ನಷ್ಟ ದೊಡ್ಡದು. ಶಿಕ್ಷೆಯಾಗದ ದಮನಕ ಓದುಗನ ಜೊತೆ ಮನೆಗೆ ಬರುತ್ತಾನೆ, ಕಚೇರಿಗೆ ಬರುತ್ತಾನೆ. ಶಿಕ್ಷೆಯಾದ ದಿಮ್ನಾ ಪುಸ್ತಕದಲ್ಲೇ ಮುಗಿಯುತ್ತಾನೆ. ಸಿಂಹದ ತಪ್ಪು, ಅಂದರೆ ಗೆಳೆಯನನ್ನು ಒಂದು ಮಾತೂ ಕೇಳದೆ ಕೊಂದದ್ದು, ಆ ತೀರ್ಪಿನ ನೆರಳಿನಲ್ಲಿ ಹಗುರಾಗುತ್ತದೆ.

ಕನ್ನಡಕ್ಕೆ ಈ ಪರಂಪರೆಯನ್ನು ತಂದ ದುರ್ಗಸಿಂಹ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಸುಮಾರು 1031ರಲ್ಲಿ, ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಚಂಪೂವಿನಲ್ಲಿ ಬರೆದ. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಅವನ ಐದು ಭಾಗಗಳಲ್ಲಿ ವಂಚನೆಯೂ ವಿಶ್ವಾಸವೂ ಒಂದೇ ಸಾಲಿನಲ್ಲಿವೆ. ಸಂಧಿಯನ್ನೂ ಯುದ್ಧವನ್ನೂ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಇವೆರಡೂ ದಿನನಿತ್ಯದ ಕೆಲಸವೇ ಆಗಿದ್ದವು. ನೀತಿಪದ್ಯಗಳನ್ನು ಒಂದರ ಮೇಲೊಂದು ಪೇರಿಸುವ ಚಟ ಅವನಿಗೂ ಇದೆ; ಸಂಸ್ಕೃತ ಶ್ಲೋಕಗಳು ಧಾರಾಳವಾಗಿ ಬರುತ್ತವೆ. ಪರಂಪರೆಯ ನಿಜವಾದ ದೋಷ ಇದು. 1199ರಲ್ಲಿ ಪೂರ್ಣಭದ್ರನೆಂಬ ಜೈನಮುನಿ ಸಿದ್ಧಪಡಿಸಿದ ಸಂಸ್ಕೃತ ಪಾಠದಲ್ಲಂತೂ ಕಥೆಗಳೂ ಶ್ಲೋಕಗಳೂ ಇನ್ನಷ್ಟು ಉಬ್ಬಿವೆ. ಒಂದೇ ಅರ್ಥದ ನಾಲ್ಕು ಪದ್ಯ ಸಾಲಾಗಿ ಬಂದಾಗ ಮಾತನಾಡುವ ನರಿ ಮರೆಯಾಗಿ ಸುಭಾಷಿತ ಸಂಗ್ರಹವೊಂದು ಉಳಿಯುತ್ತದೆ. ಆ ಜಾಗಗಳಲ್ಲಿ ಪಂಚತಂತ್ರವೂ ಉಪದೇಶವೇ ಆಗಿಬಿಡುತ್ತದೆ.

ಹಾಗಾದರೆ ನೀತಿಯನ್ನು ನೇರವಾಗಿ ನುಡಿಯುವ ಕಥೆ ಸೋಲಲೇಬೇಕೇ? ಗೋವಿನ ಹಾಡು ಇಲ್ಲವೆನ್ನುತ್ತದೆ. ಪುಣ್ಯಕೋಟಿ ಸತ್ಯದ ಹಿರಿಮೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಹಸು, ಆದರೂ ಅದನ್ನು ಉಪದೇಶವೆಂದು ಯಾರೂ ಕೇಳಿಸಿಕೊಂಡಿಲ್ಲ. ಹೇಳಿದ ಮಾತಿಗೆ ಅವಳು ತನ್ನ ಜೀವವನ್ನೇ ಒತ್ತೆಯಿಟ್ಟಿದ್ದಾಳೆ. ಕರುವಿಗೆ ಹಾಲು ಕೊಟ್ಟು, ಅದನ್ನು ಉಳಿದ ಹಸುಗಳ ವಶಕ್ಕೊಪ್ಪಿಸಿ ಹುಲಿಯ ಗವಿಯ ಕಡೆಗೆ ಹೊರಡುತ್ತಾಳೆ. ದಮನಕನ ನೀತಿವಾಕ್ಯಕ್ಕೆ ಬೆಲೆ ತೆತ್ತದ್ದು ಸಂಜೀವಕ, ಪುಣ್ಯಕೋಟಿಯ ಮಾತಿಗೆ ಬೆಲೆ ತೆರಲು ಹೊರಟದ್ದು ಅವಳೇ. ಪ್ರಾಣಿಕಥೆ ಬರೆಯುವವರು ಪ್ರತಿ ನೀತಿವಾಕ್ಯದ ಪಕ್ಕದಲ್ಲೂ ಹಾಕಿಕೊಳ್ಳಬೇಕಾದ ಪ್ರಶ್ನೆ ಇದೇ: ಇದನ್ನು ಆಡಿದವನು ಏನು ಕಳೆದುಕೊಳ್ಳುತ್ತಾನೆ, ಅಥವಾ ಏನು ಗಳಿಸುತ್ತಾನೆ? ಎರಡಕ್ಕೂ ಉತ್ತರವಿಲ್ಲದ ಮಾತು ಪಾತ್ರದ್ದಲ್ಲ, ಲೇಖಕನದು, ಅದನ್ನು ಹೊಡೆದುಹಾಕಬಹುದು.

ಮೊಲದ ಕಥೆಯನ್ನು ಮತ್ತೆ ಮಕ್ಕಳಿಗೆ ಹೇಳುವವರು ಕಡೆಯ ‘ನೀತಿ’ಯ ಸಾಲನ್ನು ಬಿಟ್ಟು, ಎರಡು ನರಿಗಳನ್ನು ಜೊತೆಗೆ ತರಲಿ. ಕಥೆ ಎರಡು ಪುಟ ಉದ್ದವಾಗುತ್ತದೆ. ಸಿಂಹ ಬಾವಿಗೆ ಬಿದ್ದಾಗ ಚಪ್ಪಾಳೆ ತಟ್ಟಿದ ಮಗು, ಆ ಕಥೆ ಹೇಳಿದವನು ಎದ್ದು ಎತ್ತಿನ ಕಡೆಗೆ ನಡೆದಾಗ ಏನಾದರೂ ಕೇಳುತ್ತದೆ. ಆ ಪ್ರಶ್ನೆಗೆ ಹಿರಿಯರೂ ಕೂತು ಯೋಚಿಸಬೇಕಾಗುತ್ತದೆ.