ಸಾರಥಿಯ ಪ್ರಶ್ನೆ: ರಾಮಕಥೆಯ ಕಿರುಪಾತ್ರಗಳ ನಾಮಕರಣ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ದೊಡ್ಡಾಟವನ್ನು ನೋಡಿದವರಿಗೆ ಅದರ ಒಂದು ಕಟ್ಟಳೆ ಪರಿಚಿತವಾಗಿಯೇ ಇರುತ್ತದೆ. ರಂಗಕ್ಕೆ ಬಂದ ಪಾತ್ರಧಾರಿ ನೇರವಾಗಿ ಕಥೆಗೆ ತೊಡಗುವಂತಿಲ್ಲ. ಸಾರಥಿಯು ಅವನನ್ನು ತಡೆದು, ತಾವಾರು, ತಮ್ಮ ನಾಮಾಂಕಿತವೇನು, ಯಾವ ಸ್ಥಳ, ಯಾರ ಮಕ್ಕಳು ಎಂದು ವಿಚಾರಿಸುತ್ತಾನೆ. ಉತ್ತರ ಹೇಳಿದ ಮೇಲೆಯೇ ಮುಂದಿನ ಮಾತು. ಕಾವ್ಯದಲ್ಲಿ ಹೆಸರಿಲ್ಲದ ಪಾತ್ರ ಬದುಕಬಲ್ಲದು. ‘ಅವನ ಪತ್ನಿ’, ‘ಇವನ ಕುವರ’ ಎಂದರೆ ಓದುಗನಿಗೆ ಸಾಕು. ಆಟದ ರಂಗದಲ್ಲಿ ಮಾತ್ರ ಅದು ಸಾಲದು. ಮಹಾಕವಿಯು ಹೆಸರಿಸದೆ ಬಿಟ್ಟ ಪಾತ್ರಗಳಿಗೆ ಹೆಸರು ಬೇಕೆನಿಸಿದುದಕ್ಕೆ ಇಂತಹ ರಂಗದ ಅಗತ್ಯವೂ ಒಂದು ಕಾರಣವಾಗಿರಬೇಕು.

ಸಾರಥಿಯ ಪ್ರಶ್ನೆಯಲ್ಲಿ ಹೆಸರೊಂದೇ ಇಲ್ಲ, ಹೆಸರಿನ ಹಿಂದಿರುವ ಸಂಬಂಧವೂ ಇದೆ ಎಂಬುದನ್ನು ಗಮನಿಸಬೇಕು. ಹೊಸ ಹೆಸರು ಪರಂಪರೆಯೊಳಗೆ ನಿಲ್ಲುವುದೂ ನಿಲ್ಲದಿರುವುದೂ ಈ ಎರಡನೆಯ ಭಾಗದಲ್ಲಿ ನಿಶ್ಚಯವಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಹೆಸರು ಹಳೆಯದಾಗಿರಬೇಕಾದ ಅಗತ್ಯವಿಲ್ಲ. ಹಳೆಯ ನಂಟಿಗೆ ಅದು ಕಟ್ಟಿಕೊಂಡಿರಬೇಕು. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನ ಇದಕ್ಕೆ ಇತಿಹಾಸದ ಕಡೆಯಿಂದ ಒಂದು ಸಾದೃಶ್ಯವನ್ನು ಒದಗಿಸುತ್ತದೆ. ಅದುವರೆಗೆ ತಿಳಿದಿದ್ದ ಧರ್ಮಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯ ಮೇಲೆ ದೇವಾನಾಂಪ್ರಿಯನೆಂಬ ಬಿರುದಿನ ಪಕ್ಕದಲ್ಲಿಯೇ ಅಶೋಕನೆಂಬ ಹೆಸರು ಕಂಡಿತು. ಅಶೋಕನೆಂದಷ್ಟೇ ಕೊರೆದಿದ್ದರೆ ಆತ ಯಾರೆಂಬ ಚರ್ಚೆ ಮುಗಿಯುತ್ತಿರಲಿಲ್ಲ. ಪರಿಚಿತವಾದುದರ ಪಕ್ಕದಲ್ಲಿ ನಿಂತುದರಿಂದ ಆ ಹೆಸರಿಗೆ ಬಲ ಬಂದಿತು.

ಈಗ ಇಂದ್ರಜಿತುವಿನ ಪತ್ನಿಯ ವಿಚಾರಕ್ಕೆ ಬರೋಣ. ವಾಲ್ಮೀಕಿಯು ಆಕೆಗೆ ಹೆಸರನ್ನು ಕೊಟ್ಟಿಲ್ಲ. ಜನಪದ ಕಥೆಗಳಲ್ಲಿಯೂ ನಾಟಕಗಳಲ್ಲಿಯೂ ಆಕೆ ಸುಲೋಚನೆ. ‘ಒಳ್ಳೆಯ ಕಣ್ಣುಳ್ಳವಳು’ ಎಂಬ ಈ ಹೆಸರಿನಲ್ಲಿ ವಿಶೇಷವೇನೂ ಇಲ್ಲ. ಕಾವ್ಯದ ಯಾವ ನಾಯಿಕೆಗಾದರೂ ಅದು ಸಲ್ಲುತ್ತದೆ. ಆದರೆ ಯಾರ ಮಗಳು ಎಂದು ಕೇಳಿದರೆ, ಆದಿಶೇಷನ ಮಗಳು ಎಂದು ಕಥೆ ಉತ್ತರಿಸುತ್ತದೆ. ಲಕ್ಷ್ಮಣನು ಶೇಷನ ಅವತಾರವೆಂಬುದು ಪರಂಪರೆಯಲ್ಲಿ ಮೊದಲೇ ಇರುವ ನಂಬಿಕೆ. ಇಂದ್ರಜಿತುವನ್ನು ಕೊಂದವನು ಲಕ್ಷ್ಮಣನೆಂಬುದು ವಾಲ್ಮೀಕಿಯಲ್ಲೇ ಇದೆ. ಇವೆರಡರ ನಡುವೆ ಸುಲೋಚನೆ ಬಂದು ನಿಂತೊಡನೆ ಆ ವಧೆ ಮಾವನ ಕೈಯಿಂದ ಅಳಿಯನ ವಧೆಯಾಗುತ್ತದೆ. ಪತಿಯ ಶಿರಸ್ಸನ್ನು ಬೇಡಲು ಶತ್ರುಪಾಳೆಯಕ್ಕೆ ಬರುವ ಹೆಣ್ಣು, ತನ್ನ ತಂದೆಯ ಅಂಶವಾದವನ ಎದುರಿಗೇ ವಿಧವೆಯಾಗಿ ನಿಲ್ಲುತ್ತಾಳೆ. ಮೂಲದ ಒಂದು ಘಟನೆಯೂ ಕದಲಿಲ್ಲ. ಕೊಂದವನು, ಸತ್ತವನು, ಯುದ್ಧದ ಫಲ, ಎಲ್ಲವೂ ಹಿಂದಿನಂತೆಯೇ ಇವೆ. ಬದಲಾದುದು ಅವುಗಳ ಭಾರ ಮಾತ್ರ.

ಬಂಗಾಳದ ಮೈಕೇಲ್ ಮಧುಸೂದನ ದತ್ತನು 1861ರ ‘ಮೇಘನಾದವಧ ಕಾವ್ಯ’ದಲ್ಲಿ ಇದೇ ಪಾತ್ರವನ್ನು ಪ್ರಮೀಲೆ ಎಂದು ಕರೆದನು. ಇಲ್ಲಿ ಕನ್ನಡದ ಓದುಗ ಕ್ಷಣಕಾಲ ತಡೆಯುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಬಲ್ಲವನಿಗೆ ಪ್ರಮೀಳೆಯೆಂದರೆ ಅರ್ಜುನನ ಯಜ್ಞಾಶ್ವವನ್ನು ಕಟ್ಟಿದ ಸ್ತ್ರೀರಾಜ್ಯದ ರಾಣಿ. ಆ ಹೆಸರಿನ ಪೀಠದಲ್ಲಿ ಬೇರೊಬ್ಬಳು ಆಗಲೇ ಕುಳಿತಿದ್ದಾಳೆ. ಆದರೂ ಮಧುಸೂದನನ ಪ್ರಮೀಲೆ ಸ್ತ್ರೀಸೈನ್ಯವನ್ನು ಕಟ್ಟಿಕೊಂಡು ಲಂಕೆಯನ್ನು ಪ್ರವೇಶಿಸುವ ವೀರನಾರಿಯಾದುದರಿಂದ ಹಳೆಯ ನೆನಪು ಹೊಸ ಪಾತ್ರಕ್ಕೆ ವಿರೋಧವಾಗುವ ಬದಲು ಬಣ್ಣ ಕೊಡುತ್ತದೆ. ಗಂಡನ ಶವದೆದುರು ಗೋಳಿಡುವುದಷ್ಟೇ ಆಕೆಯ ಪಾಲಿನ ಕೆಲಸವಾಗಿದ್ದರೆ ಹೆಸರು ಒಂದು ಕಡೆಗೂ ಪಾತ್ರ ಇನ್ನೊಂದು ಕಡೆಗೂ ಎಳೆಯುತ್ತಿದ್ದವು. ಪುರಾಣದಲ್ಲಿ ಬಳಕೆಯಾದ ಹೆಸರನ್ನು ಅದರ ಮೊದಲ ಒಡತಿಯನ್ನು ವಿಚಾರಿಸದೆ ಎತ್ತಿಕೊಳ್ಳುವ ನಾಟಕಕಾರರು ನಮ್ಮಲ್ಲಿ ವಿರಳವಲ್ಲ.

ಇದ್ದ ಹೆಸರನ್ನೇ ತೆಗೆದು ಬೇರೊಂದನ್ನು ಇಡುವುದು ಇನ್ನೂ ಕಠಿನ. ಶೂರ್ಪಣಖಿಯನ್ನು ಜೈನ ರಾಮಾಯಣ ಪರಂಪರೆ ಚಂದ್ರನಖಿ ಎಂದಿತು. ನಾಗಚಂದ್ರನಲ್ಲಿ ಆ ಹೆಸರಿದೆ. ವೈದಿಕ ಕಥೆಯನ್ನೇ ಹೇಳಹೊರಟ ಕುವೆಂಪು ಅವರೂ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅದನ್ನು ಸ್ವೀಕರಿಸಿದರು. ಮೊರದಂತಹ ಉಗುರು ಚಂದ್ರನಂತಹ ಉಗುರಾಯಿತು. ಆದರೆ ಉಗುರು ಉಳಿಯಿತು. ಹೆಸರಿನ ಉತ್ತರಾರ್ಧವನ್ನು ಮುಟ್ಟದೆ ಪೂರ್ವಾರ್ಧವನ್ನಷ್ಟೇ ಬದಲಿಸಿದುದರಿಂದ, ಕೇಳಿದೊಡನೆ ಯಾರೆಂಬುದು ತಿಳಿಯುತ್ತದೆ, ಜೊತೆಗೆ ನೋಡುವ ಕಣ್ಣು ಬೇರೆಯೆಂಬುದೂ ತಿಳಿಯುತ್ತದೆ. ಛಂದಸ್ಸಿನ ದೃಷ್ಟಿಯಿಂದಲೂ ಇದು ಕುತೂಹಲಕರ. ಎರಡು ಹೆಸರುಗಳೂ ಒಂದು ಗುರು, ಮೂರು ಲಘುಗಳ ಐದು ಮಾತ್ರೆಗಳು. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಪದ್ಯದ ನಡೆ ಕೆಡುವುದಿಲ್ಲ. ಕಿವಿಗೆ ಹೊಂದದ ಹೆಸರನ್ನು ಅರ್ಥ ಎಷ್ಟೇ ಚೆನ್ನಾಗಿದ್ದರೂ ಕೇಳುಗರು ಒಪ್ಪುವುದು ಕಷ್ಟ.

ಕುವೆಂಪು ಅವರ ಅನಲೆಯನ್ನು ಹಲವು ವಿದ್ಯಾರ್ಥಿಗಳು ಕವಿಯ ಸ್ವಂತ ಸೃಷ್ಟಿಯೆಂದು ಬರೆಯುತ್ತಾರೆ. ಪಾತ್ರದ ವಿಸ್ತಾರ ಕವಿಯದೇ ಸರಿ, ಹೆಸರು ಹಾಗಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಸೀತೆಯು ಹನುಮಂತನಿಗೆ, ವಿಭೀಷಣನ ಮಗಳು ತನ್ನ ತಾಯಿಯ ಮಾತಿನಂತೆ ಬಂದು ರಾವಣನ ಮನಸ್ಸನ್ನು ತನಗೆ ತಿಳಿಸಿದಳೆಂದು ಹೇಳುತ್ತಾಳೆ. ಆ ಮಗಳ ಹೆಸರು ಕೆಲವು ಪಾಠಗಳಲ್ಲಿ ಕಲಾ, ಕೆಲವು ಪಾಠಗಳಲ್ಲಿ ಅನಲಾ. ‘ಕನ್ಯಾ’ ಎಂಬ ಪದದ ಮುಂದೆ ‘ಅನಲಾ’ ಬಂದು ಸವರ್ಣದೀರ್ಘಸಂಧಿಯಾದಾಗ ಹೆಸರಿನ ಮೊದಲ ಅಕಾರ ಕರಗಿಹೋಗುತ್ತದೆ; ‘ನಲಾ’ ಎಂದೂ ಬಿಡಿಸಲು ಅವಕಾಶವಾಗುತ್ತದೆ. ಹೀಗೆ ಸಂಧಿಯಲ್ಲಿ ಮರೆಯಾಗುವ ಹೆಸರನ್ನು ಕುವೆಂಪು ಎತ್ತಿಕೊಂಡು, ಸೀತೆಗೆ ಸಖಿಯೂ ರಾವಣನಿಗೆ ಮಗಳ ಸಮಾನಳೂ ಆದ ಪಾತ್ರವನ್ನು ಬೆಳೆಸಿದರು. ಒಂದು ಸುದ್ದಿಯನ್ನು ಮುಟ್ಟಿಸಿ ಮೂಲದಲ್ಲಿ ಮರೆಯಾದವಳು ಇಲ್ಲಿ ಲಂಕೆಯ ಒಳದನಿಯಾದಳು. ಅನಲವೆಂದರೆ ಬೆಂಕಿ, ಅಗ್ನಿಪರೀಕ್ಷೆಯನ್ನು ಹೊಂದಿರುವ ಕಥೆಯಲ್ಲಿ ಕಲೆಗಿಂತ ಅನಲೆಯೇ ಕವಿಗೆ ಹಿಡಿಸಿದ್ದರೆ ಆಶ್ಚರ್ಯವಿಲ್ಲ.

ಈ ಮನೆಯ ಇನ್ನೊಂದು ಕೂಸಿನ ವಿಚಾರ ಸಿಂಧನೂರಿಗೆ ಸೇರಿದುದು. ಆ ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ವಸತಿಗಳಿವೆ. ಬಂಗಾಳಿಗರ ರಾಮಾಯಣ ಕೃತ್ತಿವಾಸನದು. ಅದರಲ್ಲಿ ವಿಭೀಷಣ ಸರಮೆಯರಿಗೆ ತರಣಿಸೇನನೆಂಬ ಮಗನಿದ್ದಾನೆ. ರಾವಣನ ಪಕ್ಷದಲ್ಲಿ ನಿಂತರೂ ಆತ ರಾಮಭಕ್ತ. ಮೈಯ ಮೇಲೆಲ್ಲ ರಾಮನಾಮವನ್ನು ಬರೆದುಕೊಂಡು ಯುದ್ಧಕ್ಕೆ ಬರುತ್ತಾನೆ. ಅವನು ಯಾವ ಅಸ್ತ್ರದಿಂದ ಸಾಯುವನೆಂಬುದನ್ನು ರಾಮನಿಗೆ ತಿಳಿಸುವವನು ವಿಭೀಷಣನೇ. ತನ್ನ ಮಗನೆಂಬುದನ್ನು ಆಗ ಹೇಳುವುದಿಲ್ಲ. ತಲೆ ಉರುಳಿದ ಮೇಲೆ ಅಳುತ್ತಾನೆ. ತಾಯಿತಂದೆಗಳ ಹೆಸರು ಮೂಲದಲ್ಲಿಯೇ ಇರುವುದರಿಂದ ಮಗನ ಹೆಸರು ಹೊರಗಿನದೆನಿಸುವುದಿಲ್ಲ.

ತರಣಿ ಎಂದರೆ ಸೂರ್ಯನೆಂಬುದು ಕನ್ನಡಿಗರಿಗೂ ತಿಳಿದ ಅರ್ಥ. ಆದರೂ ಈ ವೀರ ನಮ್ಮ ಕಾವ್ಯಗಳಲ್ಲಿ ನೆಲೆಗೊಳ್ಳಲಿಲ್ಲ. ಸಿಂಧನೂರಿನ ಕವಿಯೊಬ್ಬನು ಅವನನ್ನು ದೊಡ್ಡಾಟಕ್ಕೆ ತಂದರೆ ಸಾರಥಿ ತಡೆದು ಕೇಳದಿರನು. ಉತ್ತರಕ್ಕೆ ಬೇಕಾದ ಎಡೆಯನ್ನು ವಾಲ್ಮೀಕಿಯೇ ಬಿಟ್ಟಿದ್ದಾನೆ. ಸೀತೆಯ ಮಾತಿನಲ್ಲಿ ವಿಭೀಷಣನ ಆ ಕನ್ಯೆಗೆ ‘ಜ್ಯೇಷ್ಠಾ’ ಎಂಬ ವಿಶೇಷಣವಿದೆ. ಹಿರಿಯಳೆಂದ ಮೇಲೆ ಕಿರಿಯರಿರಬೇಕು. ಬಂದವನು ತನ್ನನ್ನು ವಿಭೀಷಣ ಸರಮೆಯರ ಮಗನೆಂದೂ ಅನಲೆಯ ತಮ್ಮನೆಂದೂ ಹೇಳಿಕೊಳ್ಳಬಹುದು.