ಕೈಗೆ ಬಿಟ್ಟ ಗೆರೆ

ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಪೆನ್ನೂ ಹಾಲಿನ ಲೆಕ್ಕದ ಪುಸ್ತಕವೂ ಇದ್ದುಬಿಟ್ಟರೆ ನನ್ನ ಕೈ ಸುಮ್ಮನಿರುವುದಿಲ್ಲ. ಆ ಕಡೆಯಿಂದ ಅಕ್ಕ ಸೊಸೆಯ ಸೀಮಂತದ ಸುದ್ದಿ ಹೇಳುತ್ತಿರುತ್ತಾಳೆ, ಈ ಕಡೆ ತಾರೀಖುಗಳ ನಡುವೆ ಸುರುಳಿ, ಬಳ್ಳಿ, ಮಾವಿನಕಾಯಿ ಹಬ್ಬುತ್ತಿರುತ್ತವೆ. ಮಾತು ಮುಗಿದ ಮೇಲೆ ನೋಡಿದರೆ ಇದನ್ನೆಲ್ಲ ಬರೆದವರು ಯಾರಪ್ಪ ಅನ್ನಿಸುತ್ತದೆ. ನಾನಂತೂ ಬರೆಯಬೇಕೆಂದು ಬರೆದದ್ದಲ್ಲ.

ಈ ಪುಟ್ಟ ಅನುಮಾನವನ್ನು ಬಹಳ ದೊಡ್ಡದಾಗಿ ಹಿಡಿದುಕೊಂಡವರು ಪ್ಯಾರಿಸ್ಸಿನ ಸರ್ರಿಯಲಿಸ್ಟರು. ಅವರ ಮುಂದಾಳು ಆಂದ್ರೆ ಬ್ರೆತೋನ್ ಮೊದಲ ಮಹಾಯುದ್ಧದಲ್ಲಿ ಮನೋರೋಗಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವನು. ಮನಸ್ಸಿಗೆ ಬಂದದ್ದನ್ನು ತಡೆಯದೆ ಹೇಳಿಸುವ ಫ್ರಾಯ್ಡನ ಪದ್ಧತಿಯನ್ನು ಅಲ್ಲಿ ಪ್ರಯೋಗಿಸಿ ನೋಡಿದ್ದವನು. 1924ರ ತನ್ನ ಪ್ರಣಾಳಿಕೆಯಲ್ಲಿ ಅವನು ಸರ್ರಿಯಲಿಸಂ ಎಂದರೆ ಬುದ್ಧಿಯ ಕಾವಲಿಲ್ಲದೆ, ಚೆಂದ ನೀತಿಗಳ ಗೊಡವೆಯಿಲ್ಲದೆ, ಮನಸ್ಸು ತಾನಾಗಿಯೇ ನಡೆಯುವುದು ಎಂದ. ಇದಕ್ಕೆ ಅವರಿಟ್ಟ ಹೆಸರು ಆಟೊಮ್ಯಾಟಿಸಂ. ಬರೆಯುವವರಿಗೆ ಇದು ಸುಲಭವಿತ್ತು, ಪೆನ್ನು ನಿಲ್ಲಿಸದೆ ಓಡಿಸಿದರಾಯಿತು. ಚಿತ್ರಕಾರರು ಮಾತ್ರ ಪೇಚಿಗೆ ಸಿಕ್ಕಿದರು. ಬೆಳಿಗ್ಗೆ ಎದ್ದು ಕನಸನ್ನು ನೆನಪಿಸಿಕೊಂಡು ಚಿತ್ರಿಸಬಹುದಲ್ಲ ಎಂದರೆ, ನೆನಪಿಸಿಕೊಳ್ಳುವುದೇ ಬುದ್ಧಿಯ ಕೆಲಸವಾಯಿತಲ್ಲ ಎಂದು ಮ್ಯಾಕ್ಸ್ ಮೊರೀಸ್ ಎಂಬಾತ ಗುಂಪಿನ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ತಕರಾರು ತೆಗೆದ.

ತಕರಾರು ಸರಿಯಾದದ್ದೇ. ಸಾಲ್ವದೋರ್ ದಾಲಿಯ ಕರಗುವ ಗಡಿಯಾರಗಳನ್ನು ನೀವೂ ಎಲ್ಲೋ ನೋಡಿರುತ್ತೀರಿ. 1931ರ ಆ ಚಿತ್ರ ಕನಸಿನ ಚಿತ್ರವೆಂದೇ ಪ್ರಸಿದ್ಧ. ಆದರೆ ಅದರ ಅಳತೆ ಸುಮಾರು 24ಕ್ಕೆ 33 ಸೆಂಟಿಮೀಟರ್, ನಮ್ಮ ದೇವರ ಮನೆಯ ಫೋಟೊದಷ್ಟು. ಅಷ್ಟರಲ್ಲಿ ಇರುವೆಯನ್ನೂ ದೂರದ ಬಂಡೆಯನ್ನೂ ಸಣ್ಣ ಕುಂಚದಲ್ಲಿ ತಿದ್ದಿ ತಿದ್ದಿ ಕೂರಿಸಿದ್ದಾನೆ. ಕನಸು ಕಂಡವನು ನಿದ್ದೆಯಲ್ಲಿದ್ದಿರಬಹುದು, ಬರೆದವನಂತೂ ಪೂರಾ ಎಚ್ಚರವಾಗಿದ್ದ. ನನಗೆ ಆ ಚಿತ್ರ ಇಷ್ಟವೇ, ಆದರೆ ನಾನು ಹುಡುಕುತ್ತಿದ್ದುದು ಅಲ್ಲಿಲ್ಲ.

ಹುಡುಕುತ್ತಿದ್ದುದು ಸ್ವಲ್ಪಮಟ್ಟಿಗೆ ಸಿಕ್ಕಿದ್ದು ಆಂದ್ರೆ ಮಾಸೋನ್‌ನಲ್ಲಿ. 1917ರಲ್ಲಿ ಯುದ್ಧಭೂಮಿಯಲ್ಲಿ ಎದೆಗೆ ಗಾಯವಾಗಿ, ಆಮೇಲೆ ಆಸ್ಪತ್ರೆಗಳಲ್ಲಿ ನರಳಿದವನು. ಅವನು ಕಾಗದ, ಪೆನ್ನು, ಮಸಿ ಇಟ್ಟುಕೊಂಡು, ಇಂಥದ್ದೇ ಬರೆಯುತ್ತೇನೆಂಬ ಯೋಚನೆಯಿಲ್ಲದೆ ಕೈ ಓಡಿಸುತ್ತಿದ್ದ. ಮೊದಲು ಬರುವುದು ಬರೀ ಗೀಚು, ಆಮೇಲೆ ಆ ಗೀಚಿನೊಳಗಿಂದ ಏನೋ ಒಂದು ಆಕಾರ ತನ್ನ ಹಕ್ಕು ಕೇಳುತ್ತದೆ ಎಂದು ಅವನೇ ವಿವರಿಸಿದ್ದಾನೆ. ಮಸಿಯಲ್ಲಿ ಇದು ಆದೀತು. ಎಣ್ಣೆಬಣ್ಣದಲ್ಲಿ ಹೇಗೆ? ಕುಂಚ ಅದ್ದಬೇಕು, ಒರೆಸಬೇಕು, ಮತ್ತೆ ಅದ್ದಬೇಕು. ಆ ಪುರುಸೊತ್ತಿನಲ್ಲಿ ಬುದ್ಧಿ ಬಂದು ಪಕ್ಕದಲ್ಲಿ ಕೂತೇಬಿಡುತ್ತದೆ.

ಅದಕ್ಕೇ ಅವನು 1926ರ ಸುಮಾರಿಗೆ ಮರಳನ್ನು ಹಿಡಿದ. ಕ್ಯಾನ್ವಾಸಿನ ಮೇಲೆ ಅಲ್ಲಲ್ಲಿ ಅಂಟು ಸುರಿದು, ಮೇಲೆ ಮರಳು ಚೆಲ್ಲಿ, ಎತ್ತಿ ಕೊಡವುವುದು. ಅಂಟಿದ್ದ ಕಡೆ ಮರಳು ನಿಂತಿತು, ಉಳಿದದ್ದು ಉದುರಿತು. ಎಲ್ಲಿ ಎಷ್ಟು ನಿಲ್ಲುತ್ತದೆಂದು ಮೊದಲೇ ಹೇಳುವಂತಿಲ್ಲ. ಹೀಗೆ ಮಾಡಿದ ‘ಮೀನುಗಳ ಕದನ’ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನಾನು ನೋಡಿದ್ದು ಪುಸ್ತಕದ ಮುದ್ರಣದಲ್ಲಿ ಮಾತ್ರ. ಮರಳಿನ ತೇಪೆಗಳ ಸುತ್ತ ಪೆನ್ಸಿಲ್ಲು, ಇದ್ದಿಲಿನ ಗೆರೆಗಳು. ಗರಗಸದಂಥ ಹಲ್ಲಿನ ಮೀನುಗಳು ಒಂದನ್ನೊಂದು ಕಚ್ಚುತ್ತಿವೆ. ನಡುವೆ ರಕ್ತದಂತೆ ಒಂದಿಷ್ಟು ಕೆಂಪು. ಮರಳು ನಿಂತದ್ದು ಆಕಸ್ಮಿಕ, ಒಪ್ಪೋಣ. ಅದು ಮೀನಾದದ್ದು? ಹಲ್ಲು ಕೊಟ್ಟವರು ಯಾರು? ಅದೇ ತೇಪೆ ಇನ್ನೊಬ್ಬರಿಗೆ ದೋಸೆಯಾಗಿ ಕಂಡಿದ್ದೀತು. ಕಂದಕದಲ್ಲಿ ಕಚ್ಚಾಟ ಕಂಡು ಬಂದವನಿಗೆ ಮೀನು ಮೀನನ್ನು ಹರಿಯುವುದು ಕಂಡಿತು. ಕಾವಲುಗಾರನನ್ನು ಮುಂಬಾಗಿಲಿಂದ ಕಳಿಸಿದ ಮೇಲೆ ಒಳಗೆ ಬಂದದ್ದು ಇದು. ಕಾವಲುಗಾರನೂ ಹಿತ್ತಲಿಂದ ಬಂದು ಪೆನ್ಸಿಲ್ ಕೈಗಿತ್ತ. ಚಿತ್ರ ಕೆಟ್ಟಿಲ್ಲ, ಅದರಿಂದಲೇ ನಿಂತಿದೆ ಎಂದು ನನ್ನ ಅಭಿಪ್ರಾಯ. ಬರೀ ತೇಪೆಗಳನ್ನು ಯಾರು ನೋಡುತ್ತಿದ್ದರು?

ಓದಿದ್ದು ತಲೆಯಲ್ಲಿ ಕೂತುಬಿಟ್ಟರೆ ನನಗೆ ಮಾಡಿ ನೋಡದೆ ಸಮಾಧಾನವಿಲ್ಲ. ಒಂದು ಮಧ್ಯಾಹ್ನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಮಾಸೋನ್‌ನಂತೆ, ಕೈಗೇ ಬಿಟ್ಟೆ. ಹತ್ತು ಹಾಳೆ ಆಯಿತು. ಹತ್ತರಲ್ಲೂ ಅದೇ ಸುರುಳಿ, ಅದೇ ಬಳ್ಳಿ, ಅದೇ ಮಾವಿನಕಾಯಿ! ನಾಚಿಕೆಯಾಯಿತು. ಏಳು ವರ್ಷದವಳಿದ್ದಾಗಿನಿಂದ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಎಳೆದ ಕೈ ಇದು. ಬುದ್ಧಿ ಬದಿಗೆ ಸರಿದರೆ ಒಳಮನಸ್ಸು ಬರುತ್ತದೆಂದು ಬ್ರೆತೋನ್ ನಂಬಿದ್ದ. ನನ್ನ ಹಾಳೆಗೆ ಬಂದದ್ದು ಅಭ್ಯಾಸ. ಇವೆರಡೂ ಒಂದೇ ಅಲ್ಲ. ಗುರುತು ಹಿಡಿಯುವುದೂ ಕಷ್ಟವಲ್ಲ: ಹತ್ತನೇ ಹಾಳೆ ಒಂದನೆಯದರ ತಂಗಿಯಂತಿದ್ದರೆ ಅದು ಅಭ್ಯಾಸ. ಮಾಸೋನ್‌ನ ಹಾಳೆಗಳಲ್ಲೂ ಮೀನು, ಹಕ್ಕಿ, ಕೈ, ತುಂಡಾದ ಮೈ ತಿರುತಿರುಗಿ ಬರುತ್ತವೆ. ಅಕಾಡೆಮಿಯಲ್ಲಿ ಪಳಗಿದ ಅವನ ಕೈಗೆ ಓರೆಕೋರೆ ಗೆರೆ ಎಳೆದರೂ ಅದು ಬಳುಕಿಯೇ ಬರುತ್ತಿತ್ತು.

ಬಹುಶಃ ಮ್ಯಾಕ್ಸ್ ಅರ್ನ್‌ಸ್ಟ್‌ಗೆ ಇದು ಅರ್ಥವಾಗಿತ್ತು. ಅವನು ಕೈಯನ್ನೇ ನೆಚ್ಚಲಿಲ್ಲ. 1925ರ ಆಗಸ್ಟ್ 10ರಂದು ಫ್ರಾನ್ಸಿನ ಕಡಲತೀರದ ಪೋರ್ನಿಕ್ ಊರಿನಲ್ಲಿ, ಮಳೆಯಿಂದಾಗಿ ಹೋಟೆಲಿನಲ್ಲೇ ಕೂತಿದ್ದಾಗ, ತಿಕ್ಕಿ ತಿಕ್ಕಿ ತೊಳೆದು ಗೀರು ಎದ್ದಿದ್ದ ಹಲಗೆಯ ನೆಲ ಅವನ ಕಣ್ಣು ಸೆಳೆಯಿತಂತೆ. ಹನ್ನೊಂದು ವರ್ಷ ಕಳೆದ ಮೇಲೆ ತಾರೀಖು ಸಮೇತ ಹೇಳಿದ್ದಾನೆ, ಎಷ್ಟು ನಂಬಬೇಕೋ ನಿಮಗೆ ಬಿಟ್ಟದ್ದು. ಕಾಗದಗಳನ್ನು ಮನಬಂದಂತೆ ನೆಲಕ್ಕೆ ಹರಡಿ ಮೇಲೆ ಕಪ್ಪು ಸೀಸ ತಿಕ್ಕಿದ. ನಾವು ಮಕ್ಕಳಾಗಿದ್ದಾಗ ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕುತ್ತಿದ್ದೆವಲ್ಲ, ಅದೇ. ಆಮೇಲೆ ಎಲೆ, ಗೋಣಿಬಟ್ಟೆ, ಬಿಚ್ಚಿದ ದಾರದುಂಡೆ. ಗೆರೆ ಬರುವುದು ವಸ್ತುವಿನಿಂದ, ಬರೆಯುವವನ ಪಳಗಿದ ಕೈಗೆ ಅಲ್ಲಿ ಕೆಲಸವೇ ಇಲ್ಲ. 1926ರಲ್ಲಿ ಇಂಥ 34 ಚಿತ್ರಗಳನ್ನು ‘ನಿಸರ್ಗ ಚರಿತ್ರೆ’ ಎಂದು ಅಚ್ಚು ಹಾಕಿಸಿದ. ಆದರೆ ಅವುಗಳಲ್ಲಿ ಎಷ್ಟೋ ಕಡೆ, ತೀರಾ ಕೆಳಗೆ, ಒಂದು ಅಡ್ಡಗೆರೆ ಇದೆ. ದಿಗಂತ. ಅದಿರುವುದರಿಂದಲೇ ಮೇಲಿನ ಮರದ ನಾರು ಕಾಡಾಗುತ್ತದೆ, ಸಮುದ್ರವಾಗುತ್ತದೆ. ಆ ಗೆರೆಯನ್ನು ನೆಲದ ಹಲಗೆ ಕೊಟ್ಟದ್ದಲ್ಲ.

ನಮ್ಮ ಅಡುಗೆಮನೆಯಲ್ಲಿ ಅತ್ತೆಯವರ ಕಾಲದ ಈಳಿಗೆಮಣೆಯೊಂದಿದೆ. ಅಲಗು ಮುರಿದು ವರ್ಷಗಳಾದವು, ಮಣೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಅದರ ಮೇಲೆ ತೆಳು ಕಾಗದ ಹಾಸಿ ಮೊಮ್ಮಗನ ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ತಿಕ್ಕಿದೆ. ಬಳ್ಳಿ ಬರಲಿಲ್ಲ, ಮಾವಿನಕಾಯಿ ಬರಲಿಲ್ಲ. ಸೊಪ್ಪು, ಹಲಸಿನ ತೊಳೆ, ತೆಂಗಿನಕಾಯಿ ಎಂದು ನಲವತ್ತು ವರ್ಷ ಬಿದ್ದ ಗೀರುಗಳು ಒತ್ತೊತ್ತಾಗಿ, ನೆಟ್ಟಗೆ ಎದ್ದು ನಿಂತವು. ಯಾವುದು ಮೇಲು ಯಾವುದು ಕೆಳಗೆ ತಿಳಿಯದೆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ ತಳದಲ್ಲೊಂದು ಅಡ್ಡಗೆರೆ ಎಳೆದೆ. ಮಳೆ ನಿಂತ ಮೇಲಿನ ಅಡಿಕೆ ತೋಟವಾಯಿತು, ಅತ್ತೆ ಬಿಟ್ಟು ಬಂದ ಅವರ ತವರಿನದು.